ನಿನ್ನೆಯ ಉಬ್ಬರ

ನನ್ನ ಹೊಲಿಗೆ ಅಂಗಡಿ ಇರುವುದು ದೋಣಿಕಟ್ಟೆಗೆ ಅಂಟಿಕೊಂಡು. ಮೆಷಿನ್ನನ್ನು ಕಿಟಕಿಗೆ ಮುಖ ಮಾಡಿ ಇಟ್ಟಿದ್ದೇನೆ. ಬೆಳಕಿಗಾಗಿ ಎಂದು ಕೇಳಿದವರಿಗೆ ಹೇಳುತ್ತೇನೆ. ನಿಜ ಹೇಳಬೇಕೆಂದರೆ ಯಾರು ಬಂದರು, ಯಾರು ಹೋದರು ಎಂದು ನೋಡದಿದ್ದರೆ ನನಗೆ ತಿಂದದ್ದು ಜೀರ್ಣವಾಗುವುದಿಲ್ಲ. ಹಾಗಾಗಿ ಈ ಕಟ್ಟೆಯಿಂದ ಜನರನ್ನು ದಾಟಿಸುವ ದೋಣಿಯಕ್ಕನ ಬದುಕಿನ ಬಹುಪಾಲನ್ನು ನಾನು ಸೂಜಿಗೆ ದಾರ ಪೋಣಿಸುತ್ತ, ಕನ್ನಡಕದ ಮೇಲಿಂದ ಕಣ್ಣೆತ್ತಿ ನೋಡಿದವನು.

ನಮ್ಮದು ನಡುಗಡ್ಡೆ. ಆಚೆ ದಡದಲ್ಲಿ ಪೇಟೆ, ಕಚೇರಿ, ಆಸ್ಪತ್ರೆ. ನಡುವೆ ಹೊಳೆ ಕಡಲು ಸೇರುವ ಅಳಿವೆ. ಉಬ್ಬರದ ಹೊತ್ತಿಗೆ ನೋಡಿದರೆ ಈ ದಡದಿಂದ ಆ ದಡಕ್ಕೆ ನೀರೇ ನೀರು, ಕಣ್ಣಿಗೆ ಹಬ್ಬ. ಇಳಿತದ ಹೊತ್ತಿಗೆ ಬಂದು ನೋಡಿ: ನಡುವೆ ಒಂದು ಸಣ್ಣ ಹರಿವು, ಎರಡೂ ಕಡೆ ಕಪ್ಪು ಕೆಸರು. ನೋಡುವುದಕ್ಕೆ ಗಟ್ಟಿ ನೆಲದ ಹಾಗೆಯೇ ಇರುತ್ತದೆ, ಕಾಲಿಟ್ಟರೆ ಸೊಂಟದವರೆಗೆ ಎಳೆದುಕೊಳ್ಳುತ್ತದೆ. ನೀರು ಪೂರ್ತಿ ತುಂಬುವುದಕ್ಕೆ ಎರಡು ಗಂಟೆ ಮೊದಲು ದೋಣಿ ತೇಲುತ್ತದೆ, ತುಂಬಿದ ಮೇಲೆ ಎರಡು ಗಂಟೆಯವರೆಗೆ ಓಡಾಡುತ್ತದೆ. ಉಳಿದ ಹೊತ್ತು ಅದು ಕೆಸರಿನ ಮೇಲೆ ಓರೆಯಾಗಿ ಬಿದ್ದುಕೊಂಡಿರುತ್ತದೆ. ಆಗ ನಮಗೂ ಪೇಟೆಗೂ ಸಂಬಂಧವಿಲ್ಲ.

ದೋಣಿಯಕ್ಕ ಹುಟ್ಟಿದ್ದು ಕಡಲು ಕಾಣದ ಊರಿನಲ್ಲಿ. ಮದುವೆಯಾಗಿ ಇಲ್ಲಿಗೆ ಬಂದಾಗ ಅವಳಿಗೆ ನೀರೆಂದರೆ ಬಾವಿ, ಕೆರೆ, ಕೊಡ. ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ದಡದ ಕಲ್ಲಿನ ಮೇಲೆ ಪಾತ್ರೆ ತೊಳೆಯುತ್ತಿದ್ದಳು. ಹಿಂದಿನ ದಿನ ಅದೇ ಹೊತ್ತಿಗೆ ಅದೇ ಕಲ್ಲಿನಿಂದ ನೀರು ಹಿಂದೆ ಸರಿಯುವುದನ್ನು ನೋಡಿದ್ದಳು. ಇವತ್ತೂ ಸರಿಯುತ್ತದೆಂದು ತವರಿನಿಂದ ತಂದ ತಂಬಿಗೆಯನ್ನು ನೀರಂಚಿನಲ್ಲಿಟ್ಟು ಒಳಗೆ ಹೋದಳು. ತಿರುಗಿ ಬರುವಷ್ಟರಲ್ಲಿ ನೀರು ಸರಿಯುವ ಬದಲು ಮೇಲೆ ಬಂದು ತಂಬಿಗೆಯನ್ನು ಎತ್ತಿಕೊಂಡು ಹೋಗಿತ್ತು. ಅವಳು ಕಡಲಿನ ಜೊತೆ ಜಗಳಕ್ಕೆ ನಿಂತಳು. ನಿನ್ನೆ ಇಷ್ಟು ಹೊತ್ತಿಗೆ ಇಳಿಯುತ್ತಿದ್ದೆಯಲ್ಲ, ಇವತ್ತು ಏನು ಬಂತು ನಿನಗೆ ಎಂದು ಅವಳು ಕೂಗಾಡಿದ್ದನ್ನು ಊರೆಲ್ಲ ಕೇಳಿ ನಕ್ಕಿತು. ನಾನಂತೂ ಮೆಷಿನ್ ನಿಲ್ಲಿಸಿ ನಕ್ಕೆ.

ನಗದವನು ಒಬ್ಬನೇ, ಅವಳ ಗಂಡ. ದೋಣಿ ಆಗ ಅವನದು. ಊರಿನಲ್ಲಿ ಅವನಿಗೆ ಗಡಿಯಾರ ಎಂದೇ ಹೆಸರು. ಕೈಗೆ ಗಡಿಯಾರ ಕಟ್ಟಿದವನಲ್ಲ, ಆದರೆ ಮುಂದಿನ ವಾರ ಯಾವ ಹೊತ್ತಿಗೆ ದೋಣಿ ತೇಲುತ್ತದೆ ಎಂದು ಕೇಳಿದರೆ ಬೀಡಿ ಬಾಯಿಂದ ತೆಗೆಯದೆ ಹೇಳುತ್ತಿದ್ದ. ಅವನು ಹೆಂಡತಿಯನ್ನು ಅಂಗಳಕ್ಕೆ ಕರೆದು, ಮರದ ಪಕ್ಕದಲ್ಲಿ ತನ್ನ ಜೊತೆ ನಿಲ್ಲಿಸಿಕೊಂಡ. ನೀನು ಮರದ ಸುತ್ತ ಓಡು, ನಾನೂ ಅದೇ ದಿಕ್ಕಿಗೆ ನಿಧಾನವಾಗಿ ನಡೆಯುತ್ತೇನೆ ಎಂದ. ಹೊಸ ಮದುಮಗಳು ಸೀರೆ ಎತ್ತಿ ಕಟ್ಟಿ ಒಂದು ಸುತ್ತು ಓಡಿ ಹೊರಟ ಜಾಗಕ್ಕೆ ಬಂದಳು. ಅವನು ಅಲ್ಲಿರಲಿಲ್ಲ, ಎರಡು ಹೆಜ್ಜೆ ಮುಂದಿದ್ದ.

"ನೀನು ನಮ್ಮ ದಡ, ನಾನು ಚಂದ್ರ. ನೀನು ದಿನಕ್ಕೊಂದು ಸುತ್ತು ತಿರುಗಿ ಹೊರಟ ಜಾಗಕ್ಕೇ ಬರ್ತೀಯ. ಅಷ್ಟರಲ್ಲಿ ನಾನು ಸ್ವಲ್ಪ ಮುಂದೆ ಹೋಗಿರ್ತೀನಿ. ನನ್ನ ಹಿಡೀಬೇಕು ಅಂದ್ರೆ ಇನ್ನೂ ಐವತ್ತು ನಿಮಿಷ ಓಡ್ಬೇಕು," ಎಂದ. "ಅದಕ್ಕೇ ನೀರು ದಿನಾ ಅಷ್ಟು ತಡ."

ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರ ತನ್ನ ತಿಂಗಳ ಸುತ್ತಿನಲ್ಲಿ ಒಂದು ದಿನದ ದಾರಿ ನಡೆದಿರುತ್ತಾನೆ. ನೀರನ್ನು ಎಳೆಯುವವನು ಅವನು, ಹಾಗಾಗಿ ನಮ್ಮ ದಡ ಮತ್ತೆ ಅವನ ಎದುರಿಗೆ ಬರುವವರೆಗೆ ನೀರು ಕಾಯಬೇಕು. ಅವನಿಗೆ ಎದುರಾದಾಗ ಒಂದು ಉಬ್ಬರ, ಅವನಿಗೆ ಬೆನ್ನು ಮಾಡಿದಾಗ ಇನ್ನೊಂದು. ಎರಡರ ನಡುವೆ ಹನ್ನೆರಡು ಗಂಟೆಯ ಮೇಲೆ ಇಪ್ಪತ್ತೈದು ನಿಮಿಷ. ಐವತ್ತು ಎನ್ನುವುದೂ ಸರಾಸರಿ ಲೆಕ್ಕ. ಹುಣ್ಣಿಮೆ ಅಮಾವಾಸ್ಯೆಯ ಸುಮಾರಿಗೆ ಕಡಿಮೆ, ಅರ್ಧ ಚಂದ್ರನ ಸುಮಾರಿಗೆ ಹೆಚ್ಚು. ಇದೆಲ್ಲ ನನಗೂ ಅವನೇ ಹೇಳಿಕೊಟ್ಟದ್ದು. ನನ್ನ ತಲೆಗೆ ಹತ್ತಲು ವರ್ಷ ಹಿಡಿಯಿತು, ಅವಳಿಗೆ ಮರದ ಸುತ್ತ ಒಂದು ಓಟ ಸಾಕಾಯಿತು. ಅವಳ ಅತ್ತೆ ಮಾತ್ರ ಹೊಸಿಲಿನಲ್ಲಿ ನಿಂತು, ಮದುವೆಯಾಗಿ ವಾರವಾಗಿಲ್ಲ, ಆಗಲೇ ಸೊಸೆಯನ್ನು ಗಾಣಕ್ಕೆ ಕಟ್ಟಿದೆಯೇನೋ ಎಂದು ಮಗನ ಕಿವಿ ಹಿಂಡಿದಳು.

ಆಮೇಲಿನ ವರ್ಷಗಳಲ್ಲಿ ಅವರ ಮನೆಯ ದಿನಕ್ಕೆ ಬೆಳಗು ಸಂಜೆ ಎನ್ನುವುದೇ ಇರಲಿಲ್ಲ. ಒಂದು ವಾರ ಬೆಳಕು ಹರಿಯುವ ಮೊದಲು ಒಲೆ ಹೊತ್ತಿದರೆ ಮುಂದಿನ ವಾರ ಮಧ್ಯಾಹ್ನಕ್ಕೆ. ಊಟ, ನಿದ್ದೆ, ಜಗಳ ಎಲ್ಲ ದಿನದಿಂದ ದಿನಕ್ಕೆ ಜಾರುತ್ತ ಹೋಗುತ್ತಿದ್ದವು. ಮಕ್ಕಳಾಗಲಿಲ್ಲ. ಆ ಮಾತು ಯಾರಾದರೂ ಎತ್ತಿದರೆ ಅವಳು ಹುಟ್ಟು ನೀರಿಗೆ ಸ್ವಲ್ಪ ಜೋರಾಗಿ ಹಾಕುತ್ತಿದ್ದಳು, ಎತ್ತಿದವರ ಬಟ್ಟೆ ಒದ್ದೆಯಾಗುತ್ತಿತ್ತು. ಹೌದು, ಹುಟ್ಟು ಅವಳ ಕೈಗೂ ಬಂದಿತ್ತು. ಮೊದಲು ಗಂಡನ ಜೊತೆ, ಆಮೇಲೆ ಅವನ ಹೊಟ್ಟೆಯಲ್ಲಿ ನೋವು ಶುರುವಾಗಿ ಮೈ ಕರಗುತ್ತ ಬಂದಂತೆ ಅವಳೊಬ್ಬಳೇ. ನನಗಿಂತ ಗಟ್ಟಿ ತೋಳು ಅವಳದು. ಬಾಯಿ ಅದಕ್ಕಿಂತ ಗಟ್ಟಿ. ಟೈಲರಣ್ಣಾ, ಕಡಲಾದ್ರೂ ಹೇಳಿದಷ್ಟೇ ತಡ ಮಾಡುತ್ತೆ, ನಿಮ್ಮ ರವಿಕೆ ಯಾವ ಚಂದ್ರನ ಲೆಕ್ಕ ಎಂದು ನಾಲ್ಕು ಜನರ ಮುಂದೆ ನನ್ನ ಮಾನ ಕಳೆಯುತ್ತಿದ್ದಳು.

ಗಡಿಯಾರನನ್ನು ಆಚೆ ದಡದ ಆಸ್ಪತ್ರೆಗೆ ಸೇರಿಸಿದಾಗ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಗೆಡ್ಡೆ ಕೈಮೀರಿದೆ, ನೋವು ಕಡಿಮೆ ಮಾಡಬಹುದು, ಅಷ್ಟೇ ಎಂದರು. ಗಂಡಸರ ವಾರ್ಡಿನಲ್ಲಿ ಹೆಂಗಸರು ಉಳಿಯುವಂತಿಲ್ಲ, ನೋಡುವ ಹೊತ್ತು ಸಂಜೆ ನಾಲ್ಕರಿಂದ ಆರು. ಬೆಳಗಿನ ನೀರಿನಲ್ಲಿ ಹೋಗಿ ಸಂಜೆಯ ನೀರಿನವರೆಗೆ ಅಲ್ಲೇ ಕಾದಿರಬಹುದಿತ್ತು, ಆದರೆ ಮನೆಯಲ್ಲಿ ಅತ್ತೆಗೆ ಕಣ್ಣು ಪೂರ್ತಿ ಹೋಗಿತ್ತು, ಊಟ ಕೈಗೆ ಕೊಡಬೇಕು, ಹೊರಗೆ ಕೈಹಿಡಿದು ಕರೆದೊಯ್ಯಬೇಕು. ಅಮ್ಮನನ್ನು ಇಡೀ ದಿನ ಒಂಟಿಯಾಗಿ ಬಿಟ್ಟು ಬರಬೇಡ ಎಂದು ಅವನೇ ಕಡ್ಡಾಯ ಮಾಡಿದ್ದ. ದೋಣಿಯಕ್ಕನಿಗೆ ಇದ್ದ ಆಸೆ ಒಂದೇ. ಅವನು ಹೋಗುವಾಗ ಪಕ್ಕದಲ್ಲಿರಬೇಕು, ಕೈ ಹಿಡಿದಿರಬೇಕು. ಅದನ್ನು ಅವಳು ನನ್ನ ಅಂಗಡಿಯ ಬಾಗಿಲಲ್ಲಿ ನಿಂತು ಬಾಯಿಬಿಟ್ಟೇ ಹೇಳಿದಳು.

ಮೊದಲ ದಿನಗಳಲ್ಲಿ ದೋಣಿ ಮಧ್ಯಾಹ್ನವೇ ತೇಲುತ್ತಿತ್ತು, ನಾಲ್ಕಕ್ಕೆ ಸರಿಯಾಗಿ ಅವಳು ವಾರ್ಡಿನ ಬಾಗಿಲಲ್ಲಿರುತ್ತಿದ್ದಳು. ಆಮೇಲೆ ನೀರು ತನ್ನ ಕೆಲಸ ಶುರುಮಾಡಿತು. ಒಂದು ದಿನ ನಾಲ್ಕು ದಾಟಿ ಬಂದಳು, ಮಾರನೆಯ ದಿನ ಐದಾಗುತ್ತ ಬಂದಿತ್ತು. ವಾರ್ಡಿನ ಸಿಸ್ಟರ್‌ಗೆ ಮೂಗಿನ ತುದಿಯಲ್ಲೇ ಸಿಟ್ಟು. ಇಂಥ ರೋಗಿಯನ್ನು ಇಟ್ಟುಕೊಂಡು ದಿನದಿಂದ ದಿನಕ್ಕೆ ತಡ ಮಾಡಿಕೊಂಡು ಬರುತ್ತೀರಲ್ಲ ಎಂದು ದಬಾಯಿಸಿದಳು. ಮಂಚದಿಂದಲೇ ಗಡಿಯಾರ ಸಣ್ಣ ದನಿಯಲ್ಲಿ, ತಡ ಮಾಡುತ್ತಿರುವವಳು ಅವಳಲ್ಲ, ಚಂದ್ರ ಎಂದನಂತೆ. ಆ ಚಂದ್ರನನ್ನೂ ಕರೆಸಿ, ಅವನಿಗೂ ಬೈಯುತ್ತೇನೆ ಎಂದಳಂತೆ ಸಿಸ್ಟರ್. ಅವತ್ತಿನಿಂದ ಅವರಿಬ್ಬರಿಗೂ ಸ್ನೇಹವಾಯಿತು. ಅವನ ಮಂಚದ ಹತ್ತಿರ ಕಿಟಕಿ ಇರಲಿಲ್ಲ. ಹೆಂಡತಿ ಬಂದ ಹೊತ್ತನ್ನು ನೋಡಿಯೇ ಅವನು ಹೊರಗಿನ ನೀರನ್ನು ಲೆಕ್ಕ ಹಾಕಿಕೊಳ್ಳುತ್ತಿದ್ದ.

ಅದರ ಮರುದಿನ ದೋಣಿ ತೇಲಿದ್ದು ಐದರ ಮೇಲೆ. ಅವಳು ಓಡೋಡಿ ಹೋದಾಗ ನೋಡುವ ಹೊತ್ತು ಮುಗಿಯಲು ಸ್ವಲ್ಪವೇ ಉಳಿದಿತ್ತು. ಅವನು ಇಂಜೆಕ್ಷನ್ ಮಂಪರಿನಲ್ಲಿ ಮಲಗಿದ್ದ. ರಾತ್ರಿಯಿಂದ ನೋವು ತಿಂದಿದ್ದಾರೆ, ಎಬ್ಬಿಸಬೇಡಿ ಎಂದಳು ಸಿಸ್ಟರ್. ದೋಣಿಯಕ್ಕ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು ಅವನ ಕೈ ಹಿಡಿದುಕೊಂಡಳು. ಹೊತ್ತು ಮುಗಿದ ಗಂಟೆ ಹೊಡೆಯಿತು, ಎದ್ದು ಬಂದಳು. ಬರುವಾಗ ದೋಣಿಯಲ್ಲಿ ಖುಷಿಯಾಗಿಯೇ ಇದ್ದಳು, ಎಷ್ಟೋ ದಿನದ ಮೇಲೆ ಅವರು ಮುಖ ಗಂಟಿಕ್ಕದೆ ಮಲಗಿದ್ದಾರೆ ಎಂದಳು.

ಮಾರನೆಯ ದಿನ ಬೆಳಗಿನ ನೀರಿನಲ್ಲಿ ಜನರನ್ನು ದಾಟಿಸಿ, ಅತ್ತೆಗೆ ಉಣ್ಣಿಸಿ, ದೋಣಿಯ ಹರಿದ ಟಾರ್ಪಾಲು ಹೊಲಿಸಿಕೊಳ್ಳಲು ನನ್ನಲ್ಲಿಗೆ ಬಂದಿದ್ದಳು. ಹೊರಗೆ ನೀರು ಪೂರ್ತಿ ಇಳಿದಿತ್ತು, ಕೆಸರು ಬಿಸಿಲಿಗೆ ಹೊಳೆಯುತ್ತಿತ್ತು. ಆಗ ಅವಳ ಮೊಬೈಲು ಕೂಗಿತು. ಗಾಳಿಯಲ್ಲಿ ಕೆಲಸ ಮಾಡಿ ಅವಳ ಕಿವಿ ಸ್ವಲ್ಪ ಮಂದ; ಫೋನಿನ ದನಿ ಯಾವಾಗಲೂ ಜೋರಾಗಿ ಇಟ್ಟಿರುತ್ತಾಳೆ. ಬೇಡವೆಂದರೂ ನನಗೆ ಎಲ್ಲವೂ ಕೇಳಿಸಿತು.

ಅವನೇ ಮಾತಾಡಿದ. ದನಿ ತೆಳ್ಳಗಿತ್ತು, ಆದರೆ ಗೆಲುವಾಗಿತ್ತು. ಅಮ್ಮನಿಗೆ ಊಟ ಆಯಿತೇ ಎಂದು ಕೇಳಿದ. ಟೈಲರ್ ಇನ್ನೂ ಬದುಕಿದ್ದಾನಾ ಎಂದ. ಆಮೇಲೆ ಹೇಳಿದ: "ಇವತ್ತು ಏಳು ದಾಟಿದ ಮೇಲೆ ತುಂಬುತ್ತೆ. ಐದಕ್ಕೆಲ್ಲ ದೋಣಿ ತೇಲುತ್ತೆ. ನಿನ್ನೆ ಥರ ತುಂಬ ಹೊತ್ತು ಕೂರೋಕೆ ಆಗಲ್ಲ, ಗೊತ್ತು. ಒಂದು ಗಳಿಗೆ ಬಂದು ಹೋಗು, ಸಾಕು."

ದೋಣಿಯಕ್ಕ ಅಭ್ಯಾಸಬಲದಿಂದ, ಯೋಚಿಸದೆ ಹೇಳಿಬಿಟ್ಟಳು. "ರೀ, ಅದು ನಿನ್ನೆ ಲೆಕ್ಕ. ಇವತ್ತು ತುಂಬೋದು ಎಂಟಕ್ಕೆ. ದೋಣಿ ತೇಲೋದು ಆರಕ್ಕೆ."

ಇಷ್ಟು ವರ್ಷದಲ್ಲಿ ಗಡಿಯಾರ ನೀರಿನ ಹೊತ್ತು ತಪ್ಪಿ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಅವಳೂ ಕೇಳಿರಲಿಲ್ಲ. ಅವಳ ಮುಖ ನೋಡಿದೆ, ಬಣ್ಣ ಇಳಿದುಹೋಗಿತ್ತು.

"ಹಾಗಾದ್ರೆ ನಿನ್ನೆ?" ಎಂದ ಅವನು.

"ನಿನ್ನೆ ಬಂದಿದ್ದೆ. ನೀವು ಮಲಗಿದ್ರಿ. ಕೈ ಹಿಡ್ಕೊಂಡು ಕೂತಿದ್ದೆ."

"ನಂಗೆ ಗೊತ್ತೇ ಆಗ್ಲಿಲ್ಲ. ಒಂದು ಇಡೀ ದಿನ ಎಲ್ಲೋ ಬೀಳಿಸ್ಕೊಂಡ್ಬಿಟ್ಟೆ ನೋಡು," ಎಂದು ನಗಲು ಹೋದ. ಕೆಮ್ಮು ಬಂತು.

ಸಿಸ್ಟರ್ ಫೋನು ತೆಗೆದುಕೊಂಡಳು. ಅವಳ ದನಿಯಲ್ಲಿ ಎಂದಿನ ಸಿಟ್ಟಿರಲಿಲ್ಲ. ನೋಡುವ ಹೊತ್ತಿನ ಚಿಂತೆ ಬೇಡ, ಯಾವಾಗ ಬಂದರೂ ನಾನು ಬಿಡುತ್ತೇನೆ, ಆದಷ್ಟು ಬೇಗ ಬನ್ನಿ ಎಂದಳು. ಬೇಗ ಎಂಬ ಮಾತನ್ನು ಎರಡು ಸಲ ಹೇಳಿದಳು. ದೋಣಿಯಕ್ಕ ಕಿಟಕಿಯಿಂದ ಹೊರಗೆ ನೋಡಿದಳು. ದೋಣಿ ಓರೆಯಾಗಿ ಬಿದ್ದಿತ್ತು. ಮತ್ತೆ ಅವನ ದನಿ ಬಂತು. ಅವಳು ಎಲ್ಲಿ ನೋಡುತ್ತಿದ್ದಾಳೆಂದು ಅವನಿಗೆ ಕಂಡಂತಿತ್ತು.

"ಕೆಸರಿಗೆ ಇಳೀಬೇಡ. ಆಣೆ ಮಾಡು. ನೀರು ಬರ್ಲಿ, ಆಮೇಲೆ ಬಾ. ನಾನಿರ್ತೀನಿ."

ಅವಳು ಆಣೆ ಮಾಡಿದಳು. ಅವನು ಸುಮ್ಮನೆ ಹಾಗೆ ಹೇಳುವವನಲ್ಲ. ಅವನ ಅಪ್ಪ ಹೋದದ್ದು ಆ ಕೆಸರಿನಲ್ಲೇ. ಅವಸರದ ಕೆಲಸವೊಂದಕ್ಕೆ ಇಳಿತದಲ್ಲಿ ನಡೆದು ದಾಟಲು ಹೋಗಿ, ದಡದಲ್ಲಿ ನಿಂತವರ ಕಣ್ಣೆದುರೇ ಸಿಕ್ಕಿಬಿದ್ದು, ಏರಿ ಬಂದ ನೀರಿಗೆ ಸಿಕ್ಕಿದ್ದ. ಅವಳು ಮನೆಗೆ ಹೋಗಿ ಅತ್ತೆಗೆ ವಿಷಯ ಹೇಳಿದಾಗ ಆ ಮುದುಕಿ ಅಳಲಿಲ್ಲ. ಸೊಸೆಯ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡು, "ನೀನು ಇಳಿದ್ರೆ ನನ್ನ ಪಾಲಿಗೆ ಮೂರು ಜನ ಹೋದ ಹಾಗೆ," ಎಂದಳು.

ನಾನು ಅಂಗಡಿ ಮುಚ್ಚಿದೆ. ದೋಣಿಯಕ್ಕ ಆಗಲೇ ದೋಣಿಯಲ್ಲಿ ಕೂತಿದ್ದಳು. ಹುಟ್ಟನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು ಆಚೆ ದಡ ನೋಡುತ್ತಿದ್ದಳು. ಆಸ್ಪತ್ರೆಯ ಹಳದಿ ಗೋಡೆ ಅಲ್ಲಿಂದ ಕಾಣುತ್ತದೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ನಾನು ಇನ್ನೊಂದು ತುದಿಯಲ್ಲಿ ಕೂತೆ. ಮೀನು ಹಿಡಿಯುವ ಇಬ್ಬರು ಬಂದು, ಹಲಗೆ ಹಾಸಿಕೊಂಡು ಹೋಗಬಹುದೇನೋ ಎಂದು ನೋಡಿದರು. ಹಲಗೆಯ ತುದಿಗೆ ಕಾಲಿಟ್ಟ ಕೂಡಲೇ ಅದು ಮುಳುಗಿತು, ತಲೆ ಅಲ್ಲಾಡಿಸಿ ಹೊರಟುಹೋದರು. ಒಂದು ಸಲ ಅವಳು ಎದ್ದು ಒಂದು ಕಾಲನ್ನು ದೋಣಿಯಿಂದ ಹೊರಗೆ ಹಾಕಿದಳು. ಪಾದ ಕೆಸರಿಗೆ ತಾಗುವ ಮೊದಲೇ ಹಿಂದಕ್ಕೆ ಎಳೆದುಕೊಂಡು ಮತ್ತೆ ಕೂತಳು.

ಐದು ಗಂಟೆ ಹೊಡೆಯಿತು. ಸ್ವಲ್ಪ ಹೊತ್ತು ಕಳೆಯಿತು. ಹಿಂದಿನ ದಿನ ಇದೇ ಹೊತ್ತಿಗೆ ದೋಣಿಯ ತಳದ ಕೆಳಗೆ ನೀರಿತ್ತು, ಅವಳು ಹಗ್ಗ ಬಿಚ್ಚಿದ್ದಳು. ಇವತ್ತು ನೀರು ನಡುವಿನ ಹರಿವಿನಿಂದ ಎದ್ದು ಕೆಸರಿನ ಅಂಚಿಗೆ ಬಂದಿತ್ತು, ಅಷ್ಟೇ. ಏಡಿಗಳ ತೂತುಗಳಿಂದ ಗುಳ್ಳೆ ಏಳುತ್ತಿದ್ದವು. ನೀರು ತೆಳ್ಳಗೆ, ಯಾವ ಅವಸರವೂ ಇಲ್ಲದೆ, ನಮ್ಮ ಕಡೆ ಬರುತ್ತಿತ್ತು. ಕಡಲಿಗೆ ನಾನು ಜೀವಮಾನದಲ್ಲಿ ಅಷ್ಟು ಕೆಟ್ಟ ಬೈಗುಳ ಬೈದದ್ದಿಲ್ಲ, ಎಲ್ಲ ಮನಸ್ಸಿನಲ್ಲೇ. ಮೇಲೆ ನೋಡಿದೆ. ಚಂದ್ರ ಎಲ್ಲೂ ಕಾಣುತ್ತಿರಲಿಲ್ಲ, ಎಲ್ಲೋ ತನ್ನ ಪಾಡಿಗೆ ನಡೆಯುತ್ತಿದ್ದ.

ದೋಣಿ ಅಲುಗಾಡಿದ ಕ್ಷಣಕ್ಕೆ ಅವಳು ಹುಟ್ಟು ಹಾಕಿದಳು. ತಳ ಇನ್ನೂ ಕೆಸರನ್ನು ಉಜ್ಜುತ್ತಿತ್ತು. ನಾನು ಗಳ ಹಿಡಿದು ತಳ್ಳಿದೆ. ಅವಳು ಹಾಗೆ ದೋಣಿ ಓಡಿಸಿದ್ದನ್ನು ಹಿಂದೆಯೂ ನೋಡಿಲ್ಲ, ಮುಂದೆಯೂ ನೋಡಲಿಲ್ಲ. ಆಚೆ ದಡ ಮುಟ್ಟಿದಾಗ ಹಗ್ಗ ಕಟ್ಟುವುದಕ್ಕೂ ನಿಲ್ಲಲಿಲ್ಲ, ನಾನು ಕಟ್ಟಿ ಹಿಂದಿನಿಂದ ಏದುಸಿರು ಬಿಡುತ್ತ ಓಡಿದೆ.

ಸಿಸ್ಟರ್ ವಾರ್ಡಿನ ಬಾಗಿಲಲ್ಲೇ ನಿಂತಿದ್ದಳು. ಅವಳ ಹಿಂದೆ, ಕೊನೆಯ ಮಂಚದ ಸುತ್ತ ಹಸಿರು ಪರದೆ ಎಳೆದಿತ್ತು. ದೋಣಿಯಕ್ಕ ನಿಂತಲ್ಲೇ ನಿಂತಳು.

ಸಿಸ್ಟರ್ ಅವಳ ಎರಡೂ ಕೈ ಹಿಡಿದುಕೊಂಡು ಹೇಳಿದಳು. ಮಧ್ಯಾಹ್ನದಿಂದ ಅವನು ಗೋಡೆಯ ಗಡಿಯಾರದಿಂದ ಕಣ್ಣು ತೆಗೆಯಲಿಲ್ಲವಂತೆ. ಐದು ದಾಟಿದ ಮೇಲೆ ಉಸಿರು ಹಿಡಿಯತೊಡಗಿತು. ಸಮಾಧಾನವಾಗಲಿ ಎಂದು ಸಿಸ್ಟರೇ, ನೀರು ಬಂದಾಯಿತು, ನಿಮ್ಮವರು ಹೊರಟಾಯಿತು ಎಂದಳಂತೆ. "ಇಲ್ಲ ಸಿಸ್ಟರ್, ಅದು ನಿನ್ನೆ ನೀರು. ಇವತ್ತಿಂದು ಇನ್ನೂ ಐವತ್ತು ನಿಮಿಷ ಇದೆ ಅಂದ್ರು," ಎಂದಳು ಸಿಸ್ಟರ್. "ತಡ ಆಯ್ತು ಅಂತ ಅವಳಿಗೆ ಬೈಬೇಡಿ ಅಂದ್ರು. ಅದೇ ಕೊನೆ ಮಾತು."

ದೋಣಿಯಕ್ಕ ಎಷ್ಟು ಹೊತ್ತಿಗೆ ಎಂದು ಕೇಳಿದಳು. ಐದೂ ಮುಕ್ಕಾಲು ಎಂದಳು ಸಿಸ್ಟರ್.

ಅವಳು ಪರದೆ ಸರಿಸಿ ಒಳಗೆ ಹೋದಳು. ಸ್ಟೂಲು ಅಲ್ಲೇ ಇತ್ತು. ಕೂತು ಅವನ ಕೈ ಹಿಡಿದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

"ಟೈಲರಣ್ಣ, ನಿನ್ನೆ ಐದೂ ಮುಕ್ಕಾಲಿಗೆ ನಾನು ಇಲ್ಲೇ ಕೂತಿದ್ದೆ," ಎಂದಳು. "ಹೀಗೇ ಕೈ ಹಿಡ್ಕೊಂಡಿದ್ದೆ."

ನಾನು ಅಳುವವನಲ್ಲ. ಆ ವಾರ್ಡಿನಲ್ಲಿ, ಅಷ್ಟು ಮಂಚಗಳ ನಡುವೆ, ನಿಂತು ಅತ್ತುಬಿಟ್ಟೆ.

ನೀರು ಇಳಿಯುವ ಮೊದಲೇ ಅವನನ್ನು ಅವನ ದೋಣಿಯಲ್ಲೇ ಮನೆಗೆ ತಂದೆವು. ಅವಳೇ ಹುಟ್ಟು ಹಾಕಿದಳು, ಬೇರೆಯವರ ಕೈಗೆ ಕೊಡಲಿಲ್ಲ. ಅತ್ತೆ ದಡದಲ್ಲಿ ಯಾರದೋ ಕೈಹಿಡಿದು ನಿಂತಿದ್ದಳು. ಹುಟ್ಟಿನ ಸದ್ದು ಕೇಳಿ, ಸೊಸೆ ಬಂದಳು ಎಂದಳು. ಮಗನ ಹೆಸರು ಎತ್ತಲಿಲ್ಲ.

ಇದೆಲ್ಲ ಆಗಿ ಬಹಳ ದಿನಗಳಾದವು. ದೋಣಿಯಕ್ಕ ಈಗಲೂ ಜನರನ್ನು ದಾಟಿಸುತ್ತಾಳೆ, ಈಗಲೂ ನನ್ನ ಮಾನ ಕಳೆಯುತ್ತಾಳೆ. ಆದರೆ ಕಡಲು ಒಂದು ಕೆಲಸ ಮಾಡುತ್ತದೆ. ದಿನಕ್ಕೆ ಐವತ್ತು ನಿಮಿಷದಂತೆ ಜಾರುತ್ತ ಜಾರುತ್ತ, ಸುಮಾರು ಹದಿನೈದು ದಿನಕ್ಕೊಮ್ಮೆ ಬೆಳಗಿನ ನೀರು ಸಂಜೆಯ ಜಾಗಕ್ಕೆ ಬಂದು ನಿಲ್ಲುತ್ತದೆ. ಆಗ ಒಂದು ಸಂಜೆ ದೋಣಿ ಐದರ ಮೇಲೆ ತೇಲುತ್ತದೆ, ಮರುದಿನ ಸಂಜೆ ಆರಕ್ಕೆ. ಬೇರೆಯವರು ವರ್ಷಕ್ಕೊಮ್ಮೆ ಸತ್ತವರನ್ನು ನೆನೆಯುತ್ತಾರೆ. ಇವಳಿಗೆ ಆ ಸಂಜೆ ತಿಂಗಳಿಗೆ ಎರಡು ಸಲ ಬರುತ್ತದೆ. ಆರಕ್ಕೆ ತೇಲುವ ದಿನ ಅವಳು ಐದಕ್ಕೇ ಬಂದು, ಕೆಸರಿನ ಮೇಲೆ ಓರೆಯಾಗಿ ಬಿದ್ದ ದೋಣಿಯಲ್ಲಿ ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಾಳೆ. ನಾನು ಅವತ್ತು ಅಂಗಡಿ ಬೇಗ ಮುಚ್ಚಿ ಹೋಗಿ ಇನ್ನೊಂದು ತುದಿಯಲ್ಲಿ ಕೂರುತ್ತೇನೆ. ನೀರು ಬಂದು ದೋಣಿ ಅಲುಗಾಡಿದ ಕೂಡಲೇ ಅವಳು ಹುಟ್ಟು ಹಾಕುತ್ತಾಳೆ, ನಾನು ಗಳ ಹಿಡಿದು ತಳ್ಳುತ್ತೇನೆ.